ಅಪ್ಪನ ಅರವತ್ತಕ್ಕೆ ಆರು ನಿಮಿಷ

ಅಪ್ಪನಿಗೆ ಅರವತ್ತು ತುಂಬಿದ ದಿನ ನಾನು ಮೈಕ್ ಹಿಡಿದು ಮಾತಾಡಿದ್ದು ಸುಮಾರು 6 ನಿಮಿಷ. ಅದನ್ನು ಬರೆಯೋದಕ್ಕೆ ಹಿಡಿದದ್ದು 19 ದಿನ. ನಾನೇನು ಭಾಷಣಕಾರ ಅಲ್ಲ. ಆಫೀಸಿನ ಮೀಟಿಂಗಿನಲ್ಲಿ ನನ್ನ ಸರದಿ ಬಂದರೆ ನೀರು ಕುಡಿಯುವ ನೆಪ ಮಾಡುವವನು. ಆದರೂ ತಂಗಿ ಫೋನ್ ಮಾಡಿ, "ನೀನೇ ಮಾತಾಡಬೇಕು ಕಣೋ, ನಾನು ಶುರು ಮಾಡಿದ್ರೆ ಅತ್ತುಬಿಡ್ತೀನಿ" ಅಂದಾಗ ಬೇಡ ಅನ್ನಲಾಗಲಿಲ್ಲ.

ಮೊದಲ ದಿನ ಒಂದೇ ಸಲಕ್ಕೆ ಕೂತು ನಾಲ್ಕು ಪುಟ ಬರೆದೆ. ನನಗೇ ಖುಷಿಯಾಯಿತು. ಮರುದಿನ ಓದಿದಾಗ ನಾಚಿಕೆಯಾಯಿತು. 'ತ್ಯಾಗ' ಅನ್ನುವ ಪದ ಒಂಬತ್ತು ಸಲ ಬಂದಿತ್ತು. ಮೇಣದಬತ್ತಿ ಒಂದು ಸಲ. ಅದು ತಾನು ಕರಗಿ ನಮಗೆ ಬೆಳಕು ಕೊಡುತ್ತಿತ್ತು. 'ಹಗಲಿರುಳು ದುಡಿದು' ಮೂರು ಸಲ. ನಮ್ಮಪ್ಪ ಇರುಳು ದುಡಿದದ್ದು ವರ್ಷದಲ್ಲಿ ಎರಡೋ ಮೂರೋ ತಿಂಗಳು, ಪಠ್ಯಪುಸ್ತಕದ ಆರ್ಡರ್ ಬಂದಾಗ ಮಾತ್ರ. ಉಳಿದ ದಿನ ಸಂಜೆ ಏಳಕ್ಕೆಲ್ಲ ಮನೆಯಲ್ಲಿರುತ್ತಿದ್ದ.

ಅಪ್ಪನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ, ಗಮನಿಸಿರಬಹುದು. ನಮ್ಮ ಮನೆಯಲ್ಲಿ ಅಪ್ಪ 'ನೀನು'. ಈ ವಿಷಯಕ್ಕೆ ಆಮೇಲೆ ಬರುತ್ತೇನೆ, ಯಾಕೆಂದರೆ ಅದೇ ಒಂದು ತಲೆನೋವಾಯಿತು.

ಅಪ್ಪ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿದ್ದ. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಿಸುವುದು, ಜೋಡಿಸುವುದು, ಹೊಲಿಯುವುದು, ಅಂಟು ಹಾಕುವುದು, ಕೊನೆಗೆ ಕಟಿಂಗ್ ಮಷೀನಿಗೆ ಕೊಟ್ಟು ಮೂರು ಬದಿ ಸವರುವುದು. ಇದು ನನಗೆ ಗೊತ್ತಿತ್ತು. ಆದರೆ ಆ ನಾಲ್ಕು ಪುಟದಲ್ಲಿ ಇದ್ಯಾವುದೂ ಇರಲಿಲ್ಲ. ಅಪ್ಪನ ಹೆಸರು ತೆಗೆದು ಪಕ್ಕದ ಮನೆಯವರ ಹೆಸರು ಹಾಕಿ ಓದಿದೆ. ಸಲೀಸಾಗಿ ಹೊಂದಿಕೊಂಡಿತು. ಆಮೇಲೆ ನನ್ನ ಮಾವನವರ ಹೆಸರು ಹಾಕಿದೆ. ಅವರಿಗೂ ಸರಿಹೋಯಿತು. ನಾಲ್ಕೂ ಪುಟ ಹರಿದು ಹಾಕಿದೆ.

ಎರಡನೇ ಸಲ ಕೂತಾಗ ವಾಕ್ಯ ಬರೆಯಲೇ ಇಲ್ಲ. ಅಪ್ಪನನ್ನು ನೆನೆಸಿಕೊಂಡಾಗ ಕಣ್ಣ ಮುಂದೆ ಏನು ಬರುತ್ತದೋ ಅದನ್ನಷ್ಟೇ ಒಂದೊಂದು ಸಾಲಿನಲ್ಲಿ ಗುರುತು ಹಾಕಿಕೊಂಡೆ. ಬೆರಳ ತುದಿಯಲ್ಲಿ ಒಣಗಿದ ಅಂಟು. ಖಾಕಿ ಕಾಗದದ ರಟ್ಟು. ದಬ್ಬಳ. ಟವೆಲ್ಲಿನಲ್ಲಿ ಸುತ್ತಿದ ಅಲಾರಾಂ ಗಡಿಯಾರ. ಹೀಗೆ ಏಳು ಆದವು. ಏಳನ್ನೂ ಹೇಳಲು ಹೋದರೆ ಯಾವುದೂ ನಿಲ್ಲುವುದಿಲ್ಲ. ಫೋನಿನಲ್ಲಿ ಟೈಮರ್ ಇಟ್ಟು ಗಟ್ಟಿಯಾಗಿ ಹೇಳಿ ನೋಡಿದೆ. 11 ನಿಮಿಷ ದಾಟಿತು. ಎಲ್ಲರೂ ಮಾತು ಮುಗಿದರೆ ಸಾಕು ಅಂತ ಕಾಯುವ ಹೊತ್ತಿನಲ್ಲಿ 11 ನಿಮಿಷ ಅಂದರೆ ಜಾಸ್ತಿ. ಮನಸ್ಸಿನಲ್ಲೇ ಓದಿಕೊಂಡಾಗ ಮಾತ್ರ ಅದು ಐದೇ ನಿಮಿಷ ಅನಿಸಿತ್ತು. ಬಾಯಿಬಿಟ್ಟು ಹೇಳಿದರೆ ಅದರ ಎರಡರಷ್ಟು ಆಗುತ್ತದೆ ಅಂತ ಆಗ ಗೊತ್ತಾಯಿತು.

ಏಳರಲ್ಲಿ ಒಂದನ್ನು ಕೂಡಲೇ ಹೊಡೆದುಹಾಕಿದೆ. ಕಷ್ಟದ ಕಾಲದಲ್ಲಿ ಅಪ್ಪ ಒಬ್ಬ ನೆಂಟರ ಮನೆಗೆ ಸಾಲ ಕೇಳಲು ಹೋಗಿದ್ದ, ಬರಿಗೈಲಿ ಬಂದಿದ್ದ. ಬಾಗಿಲು ತೆಗೆದ ನನಗೆ ಅವನ ಮುಖ ಇನ್ನೂ ನೆನಪಿದೆ. ದೃಶ್ಯ ಅಂತ ನೋಡಿದರೆ ಅದೇ ಎಲ್ಲಕ್ಕಿಂತ ಗಟ್ಟಿ. ಆದರೆ ಆ ನೆಂಟರು ಅವತ್ತು ಎರಡನೇ ಸಾಲಿನಲ್ಲಿ ಕೂತಿರುತ್ತಾರೆ. ಹೆಸರು ಹೇಳದಿದ್ದರೂ ಅವರಿಗೆ ತಿಳಿಯುತ್ತದೆ, ಅಪ್ಪನಿಗೂ ತಿಳಿಯುತ್ತದೆ. ಅವನು ಇಷ್ಟು ವರ್ಷ ಬಾಯಿಬಿಡದೆ ಕಾಪಾಡಿಕೊಂಡು ಬಂದದ್ದನ್ನು ನಾನು ಮೈಕಿನಲ್ಲಿ ಹೇಳಿ ಚಪ್ಪಾಳೆ ತಗೊಳ್ಳುವುದೇ? ಬೇಡ ಅನಿಸಿತು.

ಇನ್ನೊಂದನ್ನು ಬಿಡಲು ಬಹಳ ದಿನ ಹಿಡಿಯಿತು. ಅಪ್ಪನ ಕಿವಿ. ಬೈಂಡಿಂಗ್ ವಿಭಾಗದಲ್ಲಿ ಮಡಿಸುವ ಮಷೀನಿನ ಸದ್ದು ದಿನವಿಡೀ ಇರುತ್ತದೆ. ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ವರ್ಷಗಟ್ಟಲೆ ಇದ್ದರೆ ಕಿವಿಯ ಒಳಗಿನ ಸೂಕ್ಷ್ಮ ಕೂದಲ ಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಕೀರಲು ಸದ್ದು. ಹಾಗಾಗಿ ಅಪ್ಪನಿಗೆ ಮಾತು ಕೇಳುತ್ತದೆ, ಆದರೆ ಸ, ಶ, ತ, ಕ ಇವೆಲ್ಲ ಕಲಸಿಹೋಗುತ್ತವೆ. 'ಸಾಕಾ' ಅಂದರೆ 'ತಾತಾ' ಅಂದಂತೆ ಕೇಳಿಸಬಹುದು. ಇದು ಗೊತ್ತಾಗುವ ಮೊದಲು ನಾನು ಅವನ ಮೇಲೆ ಎಷ್ಟು ಸಲ ರೇಗಿದ್ದೇನೋ. "ಕೇಳ್ತಾನೇ ಇಲ್ಲ ನೀನು" ಅಂತ.

ಇದನ್ನು ಭಾಷಣದಲ್ಲಿ ಹೇಳಿ, ನಮಗಾಗಿ ಅಪ್ಪ ಕಿವಿಯನ್ನೇ ಕೊಟ್ಟ ಅಂತ ಬರೆದಿದ್ದೆ. ಕೇಳಲು ಚೆನ್ನಾಗಿತ್ತು. ಆದರೆ ಸುಳ್ಳು. ಅಪ್ಪ ಕಿವಿಯನ್ನು ಕೊಡಲಿಲ್ಲ, ಅದು ಹೋಯಿತು. ಆ ಕಾಲದಲ್ಲಿ ಅಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲು ಒಂದು ಪ್ಲಗ್ ಕೊಟ್ಟಿರಲಿಲ್ಲ, ಇವನಿಗೆ ಅದು ಬೇಕು ಅಂತ ಗೊತ್ತೂ ಇರಲಿಲ್ಲ. ಗೊತ್ತಿದ್ದೂ ಬಿಟ್ಟುಕೊಟ್ಟದ್ದು ಬೇರೆ, ಗೊತ್ತಿಲ್ಲದೆ ಕಳೆದುಕೊಂಡದ್ದು ಬೇರೆ. ಎರಡನೆಯದಕ್ಕೆ ಹಾರ ಹಾಕಿದರೆ ಅದು ಆಗಬಾರದಿತ್ತು ಅನ್ನುವ ಮಾತೇ ಮುಚ್ಚಿಹೋಗುತ್ತದೆ. ಈ ಪ್ಯಾರಾ ಇಲ್ಲಿ ಇರುವುದು ಅಪ್ಪನ ಒಪ್ಪಿಗೆಯಿಂದ. "ಬ್ಲಾಗಿನಲ್ಲಿ ಹಾಕ್ಕೋ, ಅವತ್ತು ಹೇಳಿದ್ರೆ ಎಲ್ಲರೂ ಬಂದು ಕಿವಿ ಹತ್ರ ಕೂಗೋರು" ಅಂದ.

ಕಡೆಗೆ ಉಳಿದದ್ದು ಮೂರು. ರಟ್ಟು, ನೋಟ್‌ಬುಕ್ಕು, ಅಲಾರಾಂ.

ರಟ್ಟಿನದು ಸುಲಭ. ಅದು ನಗುವ ಕತೆ, ಅದಕ್ಕೇ ಮೊದಲಿಗೆ ಇಟ್ಟೆ. ಶಾಲೆ ಶುರುವಾದಾಗ ಅಪ್ಪ ನನ್ನ ಪುಸ್ತಕಗಳಿಗೆ ಖಾಕಿ ಕಾಗದದ ರಟ್ಟು ಹಾಕುತ್ತಿದ್ದ. ಮೂಲೆಗಳನ್ನು ಅಂಟಿಲ್ಲದೆ, ಬರೀ ಮಡಿಕೆಯಲ್ಲೇ ಕೂರಿಸುತ್ತಿದ್ದ. ವರ್ಷದ ಕೊನೆಗೂ ಅದು ಬಿಚ್ಚಿಕೊಳ್ಳುತ್ತಿರಲಿಲ್ಲ. ಅದನ್ನು ನೋಡಿದ ಮೇಷ್ಟ್ರು ತಮ್ಮ ಪುಸ್ತಕ ಕೊಟ್ಟು ಕಳಿಸಿದರು. ಆಮೇಲೆ ಇನ್ನಿಬ್ಬರು ಮೇಷ್ಟ್ರು ಕಳಿಸಿದರು. ಒಂದು ವಾರ ನಾನು ಎರಡು ಚೀಲ ಹೊತ್ತು ಶಾಲೆಗೆ ಹೋದೆ. ಸಭೆ ನಕ್ಕಿತು ಅಂದರೆ ಮುಂದಿನದನ್ನು ಕೇಳಲು ಸಿದ್ಧವಾಯಿತು ಅಂತ ಅರ್ಥ. ಮೊದಲ ವಾಕ್ಯದಲ್ಲೇ ಕಣ್ಣೀರು ತರಿಸಲು ಹೋದರೆ ಜನ ಕುರ್ಚಿಯಲ್ಲೇ ಸ್ವಲ್ಪ ಹಿಂದಕ್ಕೆ ಸರಿಯುತ್ತಾರೆ. ನಾನೂ ಹಾಗೆ ಸರಿದವನೇ.

ನೋಟ್‌ಬುಕ್ಕಿನದು ಬರೆಯೋದಕ್ಕೆ ಕಷ್ಟವಾಯಿತು. ಮೊದಲು ಬರೆದದ್ದು ಹೀಗಿತ್ತು: "ಎಷ್ಟೇ ಕಷ್ಟವಿದ್ದರೂ ನನ್ನ ಓದಿಗೆ ಯಾವ ಕೊರತೆಯೂ ಆಗದಂತೆ ಅಪ್ಪ ನೋಡಿಕೊಂಡರು." ಕೊರತೆ ಆಗಿತ್ತು. ಅದೇ ತಾನೇ ಕತೆ? ಏಳನೇ ಕ್ಲಾಸಿನಲ್ಲಿ ಗಣಿತದ ರಫ್ ನೋಟ್‌ಬುಕ್ ಕೊಳ್ಳಲು ಆಗದ ವರ್ಷ ಒಂದಿತ್ತು. ಹಾಗಾಗಿ ಅದನ್ನು ಅಳಿಸಿ, ನಾನು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆದೆ. ಅವತ್ತು ಹೇಳಿದ್ದು ಹೆಚ್ಚುಕಡಿಮೆ ಇಷ್ಟು:

"ಪ್ರೆಸ್ಸಿನಲ್ಲಿ ಅಚ್ಚು ಸರಿಯಾಗಿ ಕೂರುವ ತನಕ ಒಂದಷ್ಟು ಹಾಳೆ ಕೆಡುತ್ತವೆ. ಅವು ವೇಸ್ಟು. ನಮ್ಮಪ್ಪ ಕೇಳಿಕೊಂಡು ಅದನ್ನು ಮನೆಗೆ ತರುತ್ತಿದ್ದರು. ಒಂದು ಬದಿಯಲ್ಲಿ ಕ್ಯಾಲೆಂಡರಿನ ಆಗಸ್ಟ್ ತಿಂಗಳು ತಲೆಕೆಳಗಾಗಿ ಇರುತ್ತಿತ್ತು. ಇನ್ನೊಂದು ಬದಿ ಖಾಲಿ. ಅದನ್ನು ಮಡಿಸಿ, ಒಂದರೊಳಗೆ ಒಂದು ಸೇರಿಸಿ, ಮಡಿಕೆಯ ಮೇಲೆ ದಬ್ಬಳದಲ್ಲಿ ಮೂರು ತೂತು ಹಾಕುತ್ತಿದ್ದರು. ದಾರಕ್ಕೆ ಮೇಣ ಸವರಿ, ನಡುವಿನ ತೂತಿನಿಂದ ಸೂಜಿ ಒಳಗೆ. ಮೇಲಿನ ತೂತಿನಿಂದ ಹೊರಗೆ. ಅಲ್ಲಿಂದ ನೇರ ಕೆಳಗಿನ ತೂತಿಗೆ. ಮತ್ತೆ ನಡುವಿನ ತೂತಿನಿಂದ ಹೊರಗೆ. ಒಂದು ಗಂಟು. ಅಷ್ಟೇ, ನನ್ನ ನೋಟ್‌ಬುಕ್.

ನನಗೆ ನಾಚಿಕೆ. ಕ್ಲಾಸಿನಲ್ಲಿ ಮೊಣಕೈ ಅಡ್ಡ ಇಟ್ಟುಕೊಂಡು ಲೆಕ್ಕ ಮಾಡುತ್ತಿದ್ದೆ, ಆಗಸ್ಟ್ ತಿಂಗಳು ಯಾರಿಗೂ ಕಾಣದಿರಲಿ ಅಂತ. ಮನೆಯಲ್ಲಿ ಹೇಳಲಿಲ್ಲ. ಒಂದು ದಿನ ಮನೆಯಲ್ಲೂ ಹಾಗೇ ಮೊಣಕೈ ಇಟ್ಟು ಬರೆಯುತ್ತಿದ್ದೆ. ಅಪ್ಪ ನೋಡಿದರು. ಏನೂ ಅನ್ನಲಿಲ್ಲ. ಮುಂದಿನ ನೋಟ್‌ಬುಕ್ ಬಂದಾಗ ಅದರಲ್ಲಿ ಅಚ್ಚಾದ ಹಾಳೆ ಒಂದೂ ಇರಲಿಲ್ಲ. ಬರೀ ಬಿಳಿ ಹಾಳೆ. ಎರಡೂ ಬದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿತ್ತು. ಅಂಗಡಿಯ ನೋಟ್‌ಬುಕ್ಕಿನ ಹಾಗೇ, ಎಡಗಡೆ ಮಾರ್ಜಿನ್ ಕೂಡ ಇತ್ತು."

ಇಲ್ಲಿಗೆ ನಿಲ್ಲಿಸಿದೆ. ಇದಾದ ಮೇಲೆ 'ಇಂಥ ಅಪ್ಪ ಯಾರಿಗುಂಟು' ಅಂತ ಒಂದು ಸಾಲು ಇತ್ತು, ಕೊನೆಯ ದಿನದ ತನಕ ಇತ್ತು. ತಂಗಿ ಕೇಳಿ, "ಆ ಮಾರ್ಜಿನ್ ಆದ್ಮೇಲೆ ಏನೂ ಹೇಳ್ಬೇಡ" ಅಂದಳು. ಅವಳ ಮಾತು ಸರಿ. ಅಪ್ಪನಿಗೆ ಏನನಿಸಿತು, ಎಷ್ಟು ನೋವಾಯಿತು ಅಂತಲೂ ನಾನು ಹೇಳಲಿಲ್ಲ. ನನಗೆ ಗೊತ್ತಿಲ್ಲವಲ್ಲ. ನನಗೆ ಗೊತ್ತಿರುವುದು ಗೆರೆ ಎಳೆದಿತ್ತು ಅನ್ನುವುದು ಮಾತ್ರ.

ಇನ್ನು ಅಲಾರಾಂ. ಅದು ಭಾಷಣಕ್ಕೆ ಬಂದದ್ದೇ ಒಂದು ತಪ್ಪು ತಿದ್ದುವಾಗ.

ಅಪ್ಪನ ಜೊತೆ ಕೆಲಸ ಮಾಡಿದ ಒಬ್ಬ ಹಿರಿಯರು ಕೆಲವು ವರ್ಷದ ಹಿಂದೆ ನನಗೊಂದು ವಿಷಯ ಹೇಳಿದ್ದರು. ಅಪ್ಪನಿಗೆ ಸೂಪರ್‌ವೈಸರ್ ಕೆಲಸ ಸಿಕ್ಕಿತ್ತಂತೆ, ಬೇರೆ ಊರಿನಲ್ಲಿ. ಅಪ್ಪ ಬೇಡ ಅಂದನಂತೆ. "ನೀನು ಆಗ ಹತ್ತನೇ ಕ್ಲಾಸಲ್ಲಿದ್ದೆ, ನಿನ್ನ ಓದು ಹಾಳಾಗುತ್ತೆ ಅಂತ ಬಿಟ್ಟುಬಿಟ್ಟ ಕಣಪ್ಪಾ" ಅಂದಿದ್ದರು. ನಾನು ಅದನ್ನು ಎದೆಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೆ. ಭಾಷಣದ ಕೊನೆಗೆ ಇದೇ ಬರಬೇಕು ಅಂತ ನಿರ್ಧರಿಸಿದ್ದೆ. ನನಗಾಗಿ ಬಡ್ತಿ ಬಿಟ್ಟ ಅಪ್ಪ. ಇದಕ್ಕಿಂತ ಇನ್ನೇನು ಬೇಕು?

ಸುಮ್ನೆ ಒಂದು ಸಲ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಬಟ್ಟೆ ಮಡಿಸುತ್ತಾ ಕೇಳಿದಳು. ಮುಗಿದ ಮೇಲೆ, "ನಿನ್ನ ಹತ್ತನೇ ಕ್ಲಾಸಿಗಲ್ಲ ಕಣೋ" ಅಂದಳು. "ಅಜ್ಜಿ ಆಗ ಹಾಸಿಗೆ ಹಿಡಿದಿದ್ರು. ಅವರನ್ನ ಬಿಟ್ಟು ಹೋಗೋ ಹಾಗಿರ್ಲಿಲ್ಲ, ಕರ್ಕೊಂಡು ಹೋಗೋ ಹಾಗೂ ಇರ್ಲಿಲ್ಲ. ಅದೂ ಅಲ್ದೆ ನಿಮ್ಮಪ್ಪಂಗೆ ಆ ಕೆಲಸ ಇಷ್ಟಾನೇ ಇರ್ಲಿಲ್ಲ. ಸೂಪರ್‌ವೈಸರ್ ಅಂದ್ರೆ ಬೈಬೇಕು. ಅವರಿಗೆ ಬೈಯೋಕೆ ಬರುತ್ತಾ?"

ನನಗೆ ಒಂದು ಥರ ಪೆಟ್ಟು ಬಿದ್ದ ಹಾಗಾಯಿತು. ಇಷ್ಟು ವರ್ಷ ಅಪ್ಪನ ಜೀವನದ ಒಂದು ದೊಡ್ಡ ತೀರ್ಮಾನದ ನಡುವೆ ನಾನೇ ಕೂತಿದ್ದೆ. ನೋಡಿದರೆ ನನಗೆ ಅಲ್ಲಿ ಜಾಗವೇ ಇರಲಿಲ್ಲ, ಅಥವಾ ಮೂಲೆಯಲ್ಲಿ ಒಂಚೂರು ಇತ್ತು. ಮಕ್ಕಳು ಮಾಡುವ ಇಂಥ ಭಾಷಣಗಳಲ್ಲಿ ಹೀಗೆ ಆಗುವುದು ಜಾಸ್ತಿ ಅಂತ ಕಾಣುತ್ತದೆ. ಅಪ್ಪನನ್ನು ಹೊಗಳುವ ಹಾಗೆ ಶುರುವಾಗಿ, ನನಗಾಗಿ, ನನ್ನ ಓದಿಗಾಗಿ, ನನ್ನ ಮದುವೆಗಾಗಿ ಅಂತ ಕೊನೆಗೆ ಮಗನ ಕತೆಯೇ ಆಗಿಬಿಡುತ್ತದೆ. ಅಪ್ಪ ಯಾರದೋ ಮಗನೂ ಆಗಿದ್ದ ಅನ್ನುವುದೇ ಹೊಳೆದಿರುವುದಿಲ್ಲ.

"ಅಜ್ಜೀನ ಯಾರು ನೋಡ್ಕೊಳ್ತಿದ್ರು ರಾತ್ರಿ ಹೊತ್ತು?" ಅಂತ ಕೇಳಿದೆ. ಅಮ್ಮ ನನ್ನನ್ನು ವಿಚಿತ್ರವಾಗಿ ನೋಡಿದಳು. "ಅಲಾರಾಂ ನೆನಪಿಲ್ವಾ ನಿಂಗೆ?"

ನೆನಪಿತ್ತು. ನನ್ನ ಪಟ್ಟಿಯಲ್ಲೇ ಇತ್ತು, ಟವೆಲ್ಲಿನಲ್ಲಿ ಸುತ್ತಿದ ಗಡಿಯಾರ ಅಂತ. ಅದು ಯಾಕೆ ನೆನಪಿದೆ ಅಂತ ಮಾತ್ರ ಗೊತ್ತಿರಲಿಲ್ಲ. ಆ ವರ್ಷ ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಅಲಾರಾಂ ಹೊಡೆಯುತ್ತಿತ್ತು. ಅಲ್ಲಾಡಲಾಗದೆ ಮಲಗಿದವರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಸೊಂಟ, ಹಿಮ್ಮಡಿ, ಬೆನ್ನಿನ ಮೂಳೆ ಒತ್ತುವ ಕಡೆಯಲ್ಲಿ ರಕ್ತ ಓಡಾಡದೆ ಚರ್ಮ ಮೊದಲು ಕೆಂಪಾಗುತ್ತದೆ. ಬೆರಳಿಂದ ಒತ್ತಿ ಬಿಟ್ಟರೂ ಆ ಕೆಂಪು ಮಾಸದಿದ್ದರೆ ಹುಣ್ಣು ಶುರುವಾಯಿತು ಅಂತ ಲೆಕ್ಕ. ಅಪ್ಪ ಎದ್ದು, ಅಜ್ಜಿಯನ್ನು ಎಡಕ್ಕೋ ಬಲಕ್ಕೋ ತಿರುಗಿಸಿ, ಬೆನ್ನಿಗೆ ದಿಂಬು ಕೊಟ್ಟು, ಮಂಡಿಗಳ ನಡುವೆ ಇನ್ನೊಂದು ದಿಂಬು ಇಟ್ಟು ಮಲಗುತ್ತಿದ್ದ. ಬೆಳಿಗ್ಗೆ ಎಂಟಕ್ಕೆ ಪ್ರೆಸ್ಸಿನಲ್ಲಿರುತ್ತಿದ್ದ. ಇದನ್ನು ಅಮ್ಮ ಹೇಳಿದ್ದು. ನನಗೆ ನೆನಪಿರುವುದು ಬೇರೆ. ಪರೀಕ್ಷೆ ಹತ್ತಿರ ಬಂದಾಗ ನಾನು ರೇಗಿ, "ಈ ಅಲಾರಾಂ ಇಂದ ನಂಗೆ ನಿದ್ದೆನೇ ಇಲ್ಲ" ಅಂತ ಕೂಗಾಡಿದ್ದೆ. ಮರುದಿನದಿಂದ ಅಪ್ಪ ಗಡಿಯಾರವನ್ನು ಟವೆಲ್ಲಿನಲ್ಲಿ ಸುತ್ತಿ ತನ್ನ ದಿಂಬಿನ ಕೆಳಗೆ ಇಟ್ಟುಕೊಂಡ. ಅಷ್ಟು ಸಣ್ಣ ಸದ್ದು ಆಗ ಅವನ ಕಿವಿಗೆ ಕೇಳುತ್ತಿತ್ತು.

ಬಡ್ತಿಯ ಮಾತನ್ನು ಪೂರ್ತಿ ತೆಗೆದೆ. ಆ ಜಾಗಕ್ಕೆ ಗಡಿಯಾರವನ್ನು ಹಾಕಿದೆ, ನಾನು ಕೂಗಾಡಿದ್ದನ್ನೂ ಸೇರಿಸಿ. ಅಮ್ಮನನ್ನು ಕೇಳದೆ ಹೋಗಿದ್ದರೆ ಅವತ್ತು ಇನ್ನೂರು ಜನರ ಮುಂದೆ ಸುಳ್ಳು ಹೇಳುತ್ತಿದ್ದೆ, ಅಪ್ಪ ಸುಮ್ಮನೆ ಕೇಳಿಸಿಕೊಂಡು ನಗುತ್ತಿದ್ದ.

ಇನ್ನು ನೀನು-ನೀವು ವಿಚಾರ. ಮನೆಯಲ್ಲಿ "ಅಪ್ಪಾ, ಬಾ" ಅನ್ನುವವನು ಮೈಕಿನಲ್ಲಿ "ಅಪ್ಪಾ, ನೀವು ನನಗೆ ದಾರಿದೀಪ" ಅಂದರೆ ಅಪ್ಪ ಹಿಂದೆ ತಿರುಗಿ ಬೇರೆ ಯಾರಿದ್ದಾರೆ ಅಂತ ನೋಡುತ್ತಾನೆ. ಹಾಗಂತ ಎಲ್ಲರ ಎದುರು ಪೂರ್ತಿ ಏಕವಚನದಲ್ಲಿ ಹೇಳಿದರೆ ದೊಡ್ಡವರಿಗೆ ಇರುಸುಮುರುಸು. ಮೂರು ಥರ ಹೇಳಿ ನೋಡಿದೆ. ಕೊನೆಗೆ ಸಭೆಗೆ ಹೇಳುವಾಗ 'ನಮ್ಮಪ್ಪ ಬಂದರು, ತಂದರು' ಅಂತ ಇಟ್ಟುಕೊಂಡೆ. ಕೊನೆಯ ಎರಡು ವಾಕ್ಯ ಮಾತ್ರ ಅವನ ಕಡೆ ತಿರುಗಿ, ಮನೆಯ ಹಾಗೇ 'ನೀನು' ಅಂತ. ಬಹುವಚನದಿಂದ ಏಕವಚನಕ್ಕೆ ಇಳಿದದ್ದು ಎಲ್ಲರಿಗೂ ಗೊತ್ತಾಯಿತು. ಆ ಇಳಿತಕ್ಕೆ ನಾನು ಯಾವ ವಿಶೇಷಣವನ್ನೂ ಸೇರಿಸಬೇಕಾಗಲಿಲ್ಲ.

ಆದರೆ ಅಪ್ಪನಿಗೆ ಕೇಳಿಸಬೇಕಲ್ಲ? ಇದು ಹಿಂದಿನ ದಿನ ಸಮಾರಂಭದ ಹಾಲ್‌ಗೆ ಹೋದಾಗ ಹೊಳೆಯಿತು. ವೇದಿಕೆಯ ಸ್ಪೀಕರ್ ಬಾಕ್ಸುಗಳು ಜನರ ಕಡೆ ಮುಖ ಮಾಡಿರುತ್ತವೆ. ವೇದಿಕೆಯ ಮೇಲೆ, ಅವುಗಳ ಹಿಂದೆ ಕೂತವರಿಗೆ ಬರುವುದು ಗೋಡೆಗೆ ಬಡಿದು ವಾಪಸ್ ಬಂದ ಸದ್ದು. ಕಿವಿ ಚೆನ್ನಾಗಿರುವವರಿಗೇ ಅದು ಗುಂಯ್‌ಗುಡುತ್ತದೆ. ಅಪ್ಪನಿಗೆ ಒಂದಕ್ಷರವೂ ತಿಳಿಯುವುದಿಲ್ಲ. ವಾಲ್ಯೂಮ್ ಏರಿಸಿದರೆ ಗೋಜಲು ಇನ್ನೂ ಜಾಸ್ತಿ. ಹಾಗಾಗಿ ನನ್ನ ಸರದಿ ಬಂದಾಗ ಅಪ್ಪ ಅಮ್ಮ ಇಬ್ಬರನ್ನೂ ಕೆಳಗೆ ಮೊದಲ ಸಾಲಿಗೆ ಕರೆತಂದೆವು. ನಾನೂ ಕೆಳಗೇ, ನಾಲ್ಕು ಹೆಜ್ಜೆ ದೂರದಲ್ಲಿ ನಿಂತೆ. ಮೈಕನ್ನು ಗಲ್ಲದ ಕೆಳಗೆ ಹಿಡಿದೆ, ತುಟಿ ಕಾಣಲಿ ಅಂತ. ಅಪ್ಪ ಅರ್ಧ ಮಾತನ್ನು ತುಟಿ ನೋಡಿಯೇ ಹಿಡಿಯುತ್ತಾನೆ. ಉದ್ದದ ವಾಕ್ಯಗಳನ್ನೆಲ್ಲ ಹಿಂದಿನ ರಾತ್ರಿ ಕತ್ತರಿಸಿದ್ದೆ. ಮಾತು ನಿಧಾನ ಮಾಡಿ, ಎರಡು ವಾಕ್ಯಗಳ ನಡುವೆ ಉಸಿರು ಬಿಟ್ಟೆ. ಚೀಟಿ ಓದುತ್ತಾ ತಲೆ ತಗ್ಗಿಸಿದರೆ ತುಟಿ ಮರೆಯಾಗುತ್ತದೆ ಅಂತ ಮೂರು ದೃಶ್ಯಗಳನ್ನೂ ಬಾಯಿಪಾಠ ಮಾಡಿದ್ದೆ. ಆದರೂ ಒಂದು ಮುನ್ನೆಚ್ಚರಿಕೆ ಅಂತ ಇಡೀ ಭಾಷಣವನ್ನು ದೊಡ್ಡ ಅಕ್ಷರದಲ್ಲಿ ದಪ್ಪ ಹಾಳೆಯ ಮೇಲೆ ಪ್ರಿಂಟ್ ತೆಗೆಸಿ, ಮಧ್ಯಕ್ಕೆ ಮಡಿಸಿ, ಪುಸ್ತಕದ ಹಾಗೆ ಮಾಡಿ ಅಪ್ಪನ ಕೈಗೆ ಕೊಟ್ಟಿದ್ದೆ.

ಎಲ್ಲ ಅಂದುಕೊಂಡ ಹಾಗೇ ನಡೆಯಿತು ಅಂತೇನಿಲ್ಲ. ಚೀಲದ ಕತೆಗೆ ಜನ ನಕ್ಕರು. ದಬ್ಬಳ ಅಂದಾಗ ಅಪ್ಪನ ಹಳೆಯ ಸಹೋದ್ಯೋಗಿ ಒಬ್ಬರು "ಹ್ಞೂಂ ಹ್ಞೂಂ" ಅಂತ ಗಟ್ಟಿಯಾಗಿ ಹೂಂಗುಟ್ಟಿದರು. ಮಾರ್ಜಿನ್ ತನಕ ಗಂಟಲು ಗಟ್ಟಿಯಾಗಿತ್ತು. ಗಡಿಯಾರದ ಹತ್ತಿರ ಬಂದಾಗ ಕಟ್ಟಿಕೊಂಡಿತು. ಮನೆಯಲ್ಲಿ ಹತ್ತು ಸಲ ಹೇಳಿದಾಗಲೂ ಅಲ್ಲೇ ಕಟ್ಟುತ್ತಿತ್ತು, ಹಾಗಾಗಿ ಅಲ್ಲಿ ಏನು ಮಾಡಬೇಕು ಅಂತ ಗೊತ್ತಿತ್ತು: ಸುಮ್ಮನೆ ನಿಲ್ಲುವುದು, 'ಕ್ಷಮಿಸಿ' ಅನ್ನದಿರುವುದು. ನಿಂತೆ. ಯಾವುದೋ ಮಗು "ಮುಗೀತಾ?" ಅಂತ ಕೇಳಿತು. ಎಲ್ಲರೂ ನಕ್ಕರು, ನಾನೂ ನಕ್ಕೆ, ಗಂಟಲು ಬಿಟ್ಟಿತು.

ಕೊನೆಯ ಎರಡು ವಾಕ್ಯ ಇಷ್ಟೇ. "ಅಪ್ಪಾ, ಆ ಅಲಾರಾಂ ಯಾಕೆ ಹೊಡೀತಿತ್ತು ಅಂತ ನಂಗೆ ಗೊತ್ತಾಗಿದ್ದು ಹೋದ ವಾರ. ನೀನು ಅವತ್ತೇ ಹೇಳಬಹುದಿತ್ತು."

ಅಪ್ಪ ನನ್ನ ತುಟಿಯನ್ನೇ ನೋಡುತ್ತಿದ್ದ. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಅಮ್ಮ ಅವನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದಳು. ಅವನು ತಲೆ ಆಡಿಸಿ, ಕೈಯಲ್ಲಿದ್ದ ಹಾಳೆಯ ಕಡೆ ನೋಡಿಕೊಂಡ.

ಎಲ್ಲರೂ ಹೋದ ಮೇಲೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಾಗ ಅಪ್ಪ ಹತ್ತಿರ ಬಂದ. ನಾನು ಕೊಟ್ಟ ಪ್ರತಿ ಅವನ ಕೈಯಲ್ಲೇ ಇತ್ತು. ಮಡಿಕೆಯ ಮೇಲೆ ಹೆಬ್ಬೆರಳು ಆಡಿಸಿ ತೋರಿಸಿದ. ಅಲ್ಲಿ ಕಾಗದ ಸಣ್ಣಗೆ ಸೀಳು ಬಿಟ್ಟಿತ್ತು.

"ಗ್ರೇನ್ ಅಡ್ಡ ಹೋಗಿದೆ ನೋಡು," ಅಂದ. "ಕಾಗದದ ನಾರು ಯಾವ ಕಡೆ ಓಡಿದ್ಯೋ ಅದೇ ಕಡೆಗೆ ಮಡಿಸ್ಬೇಕು. ಇಷ್ಟು ದಪ್ಪದ ಹಾಳೇನ ಅಡ್ಡ ಮಡಿಸಿದ್ರೆ ಸೀಳ್ದೆ ಇರುತ್ತಾ?" ಆಮೇಲೆ ಒಂದು ಖಾಲಿ ಹಾಳೆ ಕೇಳಿ ತಗೊಂಡು, ಕುರ್ಚಿಯ ಮೇಲಿಟ್ಟು, ಮೊದಲು ಉದ್ದಕ್ಕೆ ಬಾಗಿಸಿದ, ಆಮೇಲೆ ಅಡ್ಡಕ್ಕೆ. ಯಾವ ಕಡೆ ಬಿಗಿಯಿಲ್ಲದೆ ಬಾಗುತ್ತದೆ ಅಂತ ಅಂಗೈಗೆ ಗೊತ್ತಾಗುತ್ತದೆ ಅಂತ ನನ್ನ ಕೈ ಹಿಡಿದು ಒತ್ತಿಸಿದ. ನಾನು ಒತ್ತಿ ನೋಡಿದೆ. ನನಗೆ ಎರಡೂ ಒಂದೇ ಥರ ಅನಿಸಿತು.

"ಇನ್ನೊಂದ್ ಸಲ," ಅಂದ ಅಪ್ಪ.